‘ತುಂಬಾ ಬರಬೇಕು ಸಾರ್’

“ಎಷ್ಟು ಬರಬೇಕಮ್ಮ ನಿಮಗೆ?”

“ತುಂಬಾ ಬರಬೇಕು ಸಾರ್.”

ಕಾರ್ಮಿಕ ಕಚೇರಿಯ ಮೇಜಿನ ಮುಂದೆ ಈ ಎರಡು ಮಾತು ನಡೆದರೆ ಮೂರನೆಯದಕ್ಕೆ ದಾರಿಯೇ ಇರುವುದಿಲ್ಲ. ಕೇಳಿದ ಅಧಿಕಾರಿ ಸುಮ್ಮನಾಗುತ್ತಾರೆ. ಹೇಳಿದವರು ಪ್ಲಾಸ್ಟಿಕ್ ಕವರಿನಿಂದ ಸಂಬಳ ಚೀಟಿ, ಐಡಿ ಕಾರ್ಡು, ಪಿಎಫ್ ಮೆಸೇಜು ಎಲ್ಲವನ್ನೂ ಒಟ್ಟಿಗೆ ತೆಗೆದು ಮೇಜಿನ ಮೇಲೆ ಹರಡುತ್ತಾರೆ. ಅನ್ಯಾಯ ಆಗಿರುವುದು ನಿಜ, ರಾತ್ರಿ ಏಳರವರೆಗೆ ದುಡಿದದ್ದೂ ನಿಜ. ಆದರೆ ‘ತುಂಬಾ’ ಎಂಬ ಮೊತ್ತಕ್ಕೆ ಯಾವ ಅಧಿಕಾರಿಯೂ ಆದೇಶ ಬರೆಯಲಾರ. ಆ ‘ತುಂಬಾ’ ಎಂಬುದು ರೂಪಾಯಿ ಲೆಕ್ಕಕ್ಕೆ ಇಳಿಯುವುದು ಹೇಗೆ, ಅದಾದ ಮೇಲೆ ಕಾನೂನು ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಒಂದು ಉದಾಹರಣೆಯ ಜೊತೆ ನಡೆದು ನೋಡೋಣ.

ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್ ಕಾರ್ಖಾನೆ ಇದೆ ಎಂದುಕೊಳ್ಳಿ. ಅಲ್ಲಿ ಆರು ವರ್ಷ ಎರಡು ತಿಂಗಳು ಟೈಲರ್ ಆಗಿ ದುಡಿದ ಒಬ್ಬ ಅಕ್ಕ. ಇವರನ್ನು ನಾನು ಉದಾಹರಣೆಗಾಗಿ ಕಲ್ಪಿಸಿಕೊಂಡಿದ್ದೇನೆ, ಅಂಕಿಗಳನ್ನೂ ಲೆಕ್ಕ ಸಲೀಸಾಗಲೆಂದು ದುಂಡಗೆ ಮಾಡಿದ್ದೇನೆ. ಆದರೆ ಇವರಿಗೆ ಆಗುವುದೆಲ್ಲ ಹೊಲಿಗೆ ಲೈನುಗಳಲ್ಲಿ ಕೂತವರಿಗೆ ಹೊಸದೇನಲ್ಲ. ಅಕ್ಕನ ತಿಂಗಳ ಸಂಬಳ, ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ, 13,000 ರೂಪಾಯಿ. ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ ಕೆಲಸ, ನಡುವೆ ಅರ್ಧ ಗಂಟೆ ಊಟ. ಅಂದರೆ ಸರಿಯಾಗಿ ಎಂಟು ಗಂಟೆ, ವಾರಕ್ಕೆ ಆರು ದಿನ.

ಡಿಸೆಂಬರಿನಲ್ಲಿ ದೊಡ್ಡ ಆರ್ಡರು ಬಂತು. 5.30ಕ್ಕೆ ಸೂಪರ್‌ವೈಸರ್ ಲೈನಿನ ತುದಿಯಲ್ಲಿ ನಿಂತು, “ಎಲ್ಲರೂ ಪಂಚ್ ಮಾಡಿ ಬನ್ನಿ, ಟಾರ್ಗೆಟ್ ಮುಗಿಸಿ ಹೋಗೋಣ” ಎಂದರು. ಹೆಬ್ಬೆರಳು ಒತ್ತಿ ಬಂದವರು ಮತ್ತೆ ಮೆಷಿನ್ನಿಗೆ ಕೂತರು. ಯಂತ್ರದ ಲೆಕ್ಕದಲ್ಲಿ ಅಕ್ಕ 5.32ಕ್ಕೇ ಮನೆಗೆ ಹೋಗಿಯಾಯಿತು. ಅವರು ಗೇಟು ದಾಟಿದ್ದು ಏಳಕ್ಕೆ. ಡಿಸೆಂಬರಿನಲ್ಲಿ 22 ದಿನ ಹೀಗೆ ಒಂದೂವರೆ ಗಂಟೆ, ಜನವರಿಯಲ್ಲಿ 20 ದಿನ ಎರಡೆರಡು ಗಂಟೆ, ಫೆಬ್ರವರಿಯಲ್ಲಿ 18 ದಿನ ಮತ್ತೆ ಒಂದೂವರೆ ಗಂಟೆ. ಜನವರಿ ಮತ್ತು ಫೆಬ್ರವರಿಯ ಸಂಬಳ ಚೀಟಿಯಲ್ಲಿ ‘ಇನ್ಸೆಂಟಿವ್’ ಎಂಬ ಸಾಲಿನಲ್ಲಿ ಒಟ್ಟು 2,500 ರೂಪಾಯಿ ಬಂತು. ಓಟಿ ಎಂಬ ಕಾಲಮ್ಮಿನಲ್ಲಿ ಮಾತ್ರ ಸೊನ್ನೆ.

ಮಾರ್ಚ್ 1ಕ್ಕೆ ಅಕ್ಕ ರಾಜೀನಾಮೆ ಕೊಟ್ಟರು. ಊರಲ್ಲಿ ಅತ್ತೆಗೆ ಹುಷಾರಿಲ್ಲ, ನೋಡಿಕೊಳ್ಳುವವರು ಬೇರೆ ಇಲ್ಲ. 14ನೇ ತಾರೀಖು ಕೊನೆಯ ದಿನ. ವಾರ ಬಿಟ್ಟು ಸೆಟ್ಲ್‌ಮೆಂಟಿಗೆ ಹೋದರೆ ಎಚ್‌ಆರ್‌ನವರು ಒಂದು ಹಾಳೆ ಮುಂದಿಟ್ಟರು. ಮಾರ್ಚಿನ 12 ದಿನದ ಕೂಲಿ 6,000, ಉಳಿದ 14 ದಿನ ಗಳಿಕೆ ರಜೆಗೆ 7,000, ಒಟ್ಟು 13,000. ಅದರಲ್ಲಿ ಒಂದು ತಿಂಗಳು ನೋಟಿಸ್ ಕೊಡದ್ದಕ್ಕೆ 13,000 ಕಡಿತ. ಉಳಿದದ್ದು ಸೊನ್ನೆ. ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು: ನನಗೆ ಬರಬೇಕಾದ್ದೆಲ್ಲ ಬಂದಿದೆ, ಮುಂದೆ ಯಾವ ತಕರಾರೂ ಇಲ್ಲ. “ಸೈನ್ ಮಾಡಿದ್ರೆ ಪಿಎಫ್ ಬಿಡಿಸಿಕೊಡ್ತೀವಿ” ಎಂದರು.

ಈ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಬಹಳಷ್ಟು ಜನ ಸೋಲುವುದು ಇಲ್ಲೇ. ಪಿಎಫ್ ದುಡ್ಡು ಕಾರ್ಖಾನೆಯ ತಿಜೋರಿಯಲ್ಲಿ ಇರುವುದಿಲ್ಲ, ಭವಿಷ್ಯ ನಿಧಿ ಸಂಘಟನೆಯಲ್ಲಿರುತ್ತದೆ. ಕಂಪನಿ ಕೆಲಸ ಬಿಟ್ಟ ತಾರೀಖನ್ನು ನಮೂದಿಸದೆ ಸತಾಯಿಸಿದರೆ, ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಸದಸ್ಯರು ತಾವೇ ಆನ್‌ಲೈನಿನಲ್ಲಿ ಆ ತಾರೀಖು ಹಾಕಿಕೊಳ್ಳಬಹುದು. ಆದ್ದರಿಂದ ಪಿಎಫ್ ಹೆಸರಲ್ಲಿ ಸೆಟ್ಲ್‌ಮೆಂಟ್ ಹಾಳೆಗೆ ಸಹಿ ಹಾಕುವ ಅಗತ್ಯವೇ ಇಲ್ಲ.

ಇನ್ನು, ಹೆದರಿ ಸಹಿ ಹಾಕಿಬಿಟ್ಟಿದ್ದರೆ? ಆಗಲೂ ಬಾಗಿಲು ಮುಚ್ಚಿಲ್ಲ. ಕೇಂದ್ರದ ವೇತನ ಸಂಹಿತೆ 2019ರಲ್ಲಿ ಬಂದ ಕಾನೂನಾದರೂ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಹಳೆಯ ವೇತನ ಪಾವತಿ ಕಾಯ್ದೆ, ಕನಿಷ್ಠ ವೇತನ ಕಾಯ್ದೆ, ಬೋನಸ್ ಕಾಯ್ದೆ, ಸಮಾನ ವೇತನ ಕಾಯ್ದೆ ನಾಲ್ಕೂ ಇದರೊಳಗೆ ಸೇರಿಹೋಗಿವೆ. ಅದರ 60ನೇ ಕಲಂ ಒಂದು ಮಾತನ್ನು ನೇರವಾಗಿ ಹೇಳುತ್ತದೆ: ಈ ಕಾನೂನಿನಂತೆ ಬರಬೇಕಾದ ದುಡ್ಡನ್ನು ನೌಕರ ಬಿಟ್ಟುಕೊಟ್ಟೆ ಎಂದು ಬರೆದುಕೊಟ್ಟ ಒಪ್ಪಂದ, ಆ ಮಟ್ಟಿಗೆ ಊರ್ಜಿತವಲ್ಲ. ‘ಮುಂದೆ ತಕರಾರಿಲ್ಲ’ ಎಂಬ ಸಾಲಿಗೆ ಓಟಿ ದುಡ್ಡನ್ನು ನುಂಗುವ ಶಕ್ತಿ ಇಲ್ಲ. ಆದರೆ ಎಚ್ಚರ ಬೇಕಾದದ್ದು ಇನ್ನೊಂದು ಸಾಲಿನಲ್ಲಿ. ‘ಇಷ್ಟು ರೂಪಾಯಿ ಕೈಗೆ ಪಡೆದಿದ್ದೇನೆ’ ಎಂದು, ಪಡೆಯದ ದುಡ್ಡಿಗೆ ಸಹಿ ಹಾಕಿದರೆ ಅದು ರಸೀದಿಯಾಗುತ್ತದೆ. ಹಕ್ಕು ಬಿಟ್ಟುಕೊಟ್ಟ ಮಾತು ಬೇರೆ, ದುಡ್ಡು ಮುಟ್ಟಿತು ಎಂಬ ಮಾತು ಬೇರೆ. ಎರಡನೆಯದನ್ನು ಸುಳ್ಳೆಂದು ಸಾಧಿಸುವುದು ಬಲು ಕಷ್ಟ. ಆದ್ದರಿಂದ ಸಹಿ ಹಾಕಲೇಬೇಕಾಗಿ ಬಂದರೆ ಪಕ್ಕದಲ್ಲಿ ಕನ್ನಡದಲ್ಲೇ ‘ಆಕ್ಷೇಪಣೆಯೊಂದಿಗೆ, ಓಟಿ ಬಾಕಿ ಇದೆ’ ಎಂದು ಬರೆದು ತಾರೀಖು ಹಾಕಿ, ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳುವುದು ಕ್ಷೇಮ.

ಈಗ ಆ ‘ತುಂಬಾ’ ಎಷ್ಟು ಎಂಬುದಕ್ಕೆ ಬರೋಣ.

ತಿಂಗಳ ಸಂಬಳ 13,000. ವಾರದ ರಜೆ ಕಳೆದು ತಿಂಗಳಿಗೆ 26 ದಿನ ಎಂದು ಹಿಡಿಯುವುದು ರೂಢಿ. ಅಂದರೆ ದಿನಕ್ಕೆ 500 ರೂಪಾಯಿ. ಅದನ್ನು ಎಂಟರಿಂದ ಭಾಗಿಸಿದರೆ ಗಂಟೆಗೆ 62 ರೂಪಾಯಿ 50 ಪೈಸೆ. ಓಟಿಗೆ ಇದರ ಎರಡು ಪಟ್ಟು ಕೊಡಬೇಕು, ಅಂದರೆ ಗಂಟೆಗೆ 125 ರೂಪಾಯಿ. ಈ ಎರಡು ಪಟ್ಟು ಹೊಸದಲ್ಲ, 1948ರ ಕಾರ್ಖಾನೆಗಳ ಕಾಯ್ದೆಯ ಕಾಲದಿಂದ ಇದೆ. ಹೊಸ ಸಂಹಿತೆಗಳೂ ಅದನ್ನು ಹಾಗೇ ಉಳಿಸಿಕೊಂಡಿವೆ. ಸುರಕ್ಷತೆ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಂತೂ ಕಾರ್ಮಿಕರ ಒಪ್ಪಿಗೆ ಇಲ್ಲದೆ ಓಟಿ ಮಾಡಿಸುವಂತಿಲ್ಲ ಎನ್ನುತ್ತದೆ.

ದುಪ್ಪಟ್ಟು ಯಾಕೆ ಎಂದು ಕೇಳುವವರಿದ್ದಾರೆ. ಎಂಟು ಗಂಟೆ ಮೆಷಿನ್ ತುಳಿದ ಕಾಲಿಗೆ ಒಂಬತ್ತನೆಯ ಗಂಟೆ ಮೊದಲನೆಯ ಗಂಟೆಯಂತಿರುವುದಿಲ್ಲ. ಆ ದಣಿವಿಗೊಂದು ಬೆಲೆ ಇರಬೇಕು, ಮಾಲೀಕರಿಗೂ ಆ ಗಂಟೆ ದುಬಾರಿ ಎನಿಸಬೇಕು, ಆಗ ಇನ್ನೊಬ್ಬರಿಗೆ ಕೆಲಸ ಕೊಡುವ ಯೋಚನೆ ಬರುತ್ತದೆ. 2020ರಲ್ಲಿ ಕೋವಿಡ್ ನೆಪದಲ್ಲಿ ಗುಜರಾತ್ ಸರ್ಕಾರ ಕಾರ್ಖಾನೆಗಳಿಗೆ ಹೆಚ್ಚು ಗಂಟೆ ದುಡಿಸಿಕೊಂಡು ಮಾಮೂಲಿ ದರದಲ್ಲೇ ಕೂಲಿ ಕೊಡಲು ಅನುಮತಿಸಿತ್ತು. ಗುಜರಾತ್ ಮಜ್ದೂರ್ ಸಭಾ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ಅಕ್ಟೋಬರ್ 1ರಂದು ಕೋರ್ಟು ಆ ಅಧಿಸೂಚನೆಗಳನ್ನು ರದ್ದು ಮಾಡಿ, ಆ ಅವಧಿಯಲ್ಲಿ ದುಡಿದವರಿಗೆಲ್ಲ ಓಟಿಯನ್ನು ಕಾಯ್ದೆಯ ದರದಲ್ಲೇ ಕೊಡಬೇಕೆಂದು ಹೇಳಿತು. ಮಹಾಮಾರಿಯ ಕಾಲದಲ್ಲೇ ಮುರಿಯಲಾಗದ ನಿಯಮವನ್ನು ಒಂದು ಆರ್ಡರಿನ ಅವಸರಕ್ಕೆ ಮುರಿಯುವುದು ಹೇಗೆ ಸರಿ?

ಅಕ್ಕನ ಗಂಟೆಗಳಿಗೆ ಬರೋಣ. ಡಿಸೆಂಬರಿನದು 33, ಜನವರಿಯದು 40, ಫೆಬ್ರವರಿಯದು 27. ಒಟ್ಟು 100 ಗಂಟೆ. ಗಂಟೆಗೆ 125ರಂತೆ 12,500 ರೂಪಾಯಿ. ‘ಇನ್ಸೆಂಟಿವ್’ ಎಂದು ಬಂದ 2,500 ಸರಿಯಾಗಿ 40 ಗಂಟೆಯ ಒಂಟಿ ದರ. ಅದನ್ನು ಕಳೆದರೆ 10,000. ಇದನ್ನು ನಾವೇ ಕಳೆದು ತೋರಿಸುವುದು ಒಳ್ಳೆಯದು. ಬಂದದ್ದನ್ನು ಬಂತು ಎಂದು ಒಪ್ಪಿಕೊಂಡವರ ಉಳಿದ ಲೆಕ್ಕಕ್ಕೆ ತೂಕ ಬರುತ್ತದೆ. ಜೊತೆಗೆ ಇನ್ನೊಂದು ಲಾಭವಿದೆ. ಓಟಿಯೇ ಇರಲಿಲ್ಲ ಎಂದು ಕಂಪನಿ ಹೇಳಿದರೆ, ಬರೀ ಆ ಎರಡು ತಿಂಗಳು ಮಾತ್ರ, ಗಂಟೆಯ ಒಂಟಿ ದರಕ್ಕೆ ಸರಿಯಾಗಿ ಹೊಂದುವ ‘ಇನ್ಸೆಂಟಿವ್’ ಯಾಕೆ ಬಂತು ಎಂಬ ಪ್ರಶ್ನೆಗೆ ಅವರೇ ಉತ್ತರ ಹುಡುಕಬೇಕು.

ಓಟಿಯ 10,000, ಮಾರ್ಚಿನ 6,000, ರಜೆಯ 7,000. ‘ತುಂಬಾ’ ಎಂಬುದು ಈಗ 23,000 ರೂಪಾಯಿ ಆಯಿತು.

ಗ್ರಾಚ್ಯುಟಿ ಇದರ ಹೊರಗಿನ ಲೆಕ್ಕ. ಆರು ವರ್ಷ ತುಂಬಿದೆ, ವರ್ಷಕ್ಕೆ 15 ದಿನದ ಸಂಬಳ, ದಿನಕ್ಕೆ 500. ಆರು ಹದಿನೈದಲೆ ತೊಂಬತ್ತು ದಿನ, 45,000 ರೂಪಾಯಿ. ಇಡೀ ಜಗಳದಲ್ಲಿ ಅತಿ ದೊಡ್ಡ ಮೊತ್ತ ಇದು. ಎಚ್‌ಆರ್ ಹಾಳೆಯಲ್ಲಿ ಇದರ ಸುದ್ದಿಯೇ ಇರಲಿಲ್ಲ, ಅಕ್ಕನಿಗೂ ನೆನಪಿರಲಿಲ್ಲ. ಇದಕ್ಕೆ ಬೇರೆ ಕಾನೂನು, ಬೇರೆ ಅರ್ಜಿ, ಬೇರೆ ಪ್ರಾಧಿಕಾರಿ. ಕಂಪನಿಗೆ 30 ದಿನದ ಗಡುವು. ಐದು ವರ್ಷ ತುಂಬಿದವರು ರಾಜೀನಾಮೆ ಕೊಟ್ಟು ಹೋದರೂ ಇದು ಬರುತ್ತದೆ ಎಂಬುದನ್ನಷ್ಟೇ ನೆನಪಿನಲ್ಲಿಟ್ಟುಕೊಂಡು ನಮ್ಮ 23,000ದ ಹಿಂದೆ ಹೋಗೋಣ.

ಕಂಪನಿಯ ಸೊನ್ನೆಯ ಲೆಕ್ಕ ಎಲ್ಲಿ ತಪ್ಪಿತು? ಮೊದಲ ತಪ್ಪು ಗಡುವಿನದು. ಕೆಲಸದಿಂದ ತೆಗೆದರೂ, ಕಂಪನಿ ಮುಚ್ಚಿದರೂ, ತಾವಾಗಿಯೇ ರಾಜೀನಾಮೆ ಕೊಟ್ಟರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎನ್ನುತ್ತದೆ ವೇತನ ಸಂಹಿತೆಯ 17ನೇ ಕಲಂ. ಹಳೆಯ ಕಾಯ್ದೆಯಲ್ಲಿ ಈ ಎರಡು ದಿನದ ಮಾತು ಮಾಲೀಕರು ತೆಗೆದುಹಾಕಿದವರಿಗೆ ಮಾತ್ರ ಇತ್ತು. ಈಗ ರಾಜೀನಾಮೆಯೂ ಸೇರಿದೆ, ಇದು ನಿಜಕ್ಕೂ ದೊಡ್ಡ ಬದಲಾವಣೆ. ಗಳಿಕೆ ರಜೆಯ ದುಡ್ಡಿಗೂ ಇದೇ ಎರಡು ದಿನ. ‘ನಲವತ್ತೈದು ದಿನ ಬಿಟ್ಟು ಬನ್ನಿ, ನಮ್ಮ ಕಂಪನಿ ಪಾಲಿಸಿ’ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ.

ಎರಡನೆಯದು ಕಡಿತ. ಸಂಬಳದಲ್ಲಿ ಯಾವ ಯಾವ ಬಾಬ್ತಿಗೆ ದುಡ್ಡು ಹಿಡಿಯಬಹುದು ಎಂಬುದಕ್ಕೆ 18ನೇ ಕಲಮಿನಲ್ಲಿ ಪಟ್ಟಿ ಇದೆ: ಗೈರುಹಾಜರಿ, ಸಾಲ, ಮುಂಗಡ, ಪಿಎಫ್, ತೆರಿಗೆ ಹೀಗೆ. ನೋಟಿಸ್ ಅವಧಿಯ ಸಂಬಳ ಎಂಬುದು ಆ ಪಟ್ಟಿಯಲ್ಲಿ ಹೆಸರು ಹೇಳಿ ಬಂದಿಲ್ಲ. ನೇಮಕಾತಿ ಪತ್ರದ ಷರತ್ತು ತೋರಿಸಿ ಕಂಪನಿಯವರು ವಾದಿಸುತ್ತಾರೆ. ಆ ವಾದ ಪ್ರಾಧಿಕಾರಿಯ ಮುಂದೆ ತೀರ್ಮಾನವಾಗಬೇಕಾದದ್ದು, ಗೆಲುವು ಖಚಿತ ಎಂದು ನಾನು ಹೇಳಲಾರೆ. ಅಕ್ಕ 14 ದಿನ ಮೊದಲೇ ತಿಳಿಸಿದ್ದರು ಎಂಬುದೂ ಅಲ್ಲಿ ಲೆಕ್ಕಕ್ಕೆ ಬರಬೇಕು. ಆದರೆ ಒಂದು ಗೆರೆ ಸ್ಪಷ್ಟವಾಗಿದೆ. ಎಲ್ಲ ಕಡಿತ ಸೇರಿಸಿದರೂ ಆ ಅವಧಿಯ ವೇತನದ ಅರ್ಧವನ್ನು ಮೀರಬಾರದು. ಹಾಗಾಗಿ ಸೊನ್ನೆಗೆ ಇಳಿಸಿದ ಹಾಳೆ ಮೇಲ್ನೋಟಕ್ಕೇ ತಪ್ಪು.

ಇಷ್ಟು ಗೊತ್ತಾದ ಮೇಲೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ. ಇಲ್ಲಿ ಒಂದು ವ್ಯತ್ಯಾಸ ತಿಳಿಯದೆ ಜನ ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾರೆ. ಇಲಾಖೆಗೆ ‘ದೂರು’ ಕೊಡುವುದು ಒಂದು, ‘ಕ್ಲೇಮ್ ಅರ್ಜಿ’ ಹಾಕುವುದು ಇನ್ನೊಂದು. ದೂರು ಕೊಟ್ಟರೆ ಇನ್ಸ್‌ಪೆಕ್ಟರ್ ಕಾರ್ಖಾನೆಗೆ ಹೋಗಿ ರಿಜಿಸ್ಟರ್ ನೋಡಬಹುದು, ನೋಟಿಸ್ ಕೊಡಬಹುದು, ತಪ್ಪು ಸಿಕ್ಕರೆ ಮೊಕದ್ದಮೆಗೆ ಶಿಫಾರಸು ಮಾಡಬಹುದು. ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ ಇದೆ. ಆದರೆ ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ಅಕ್ಕನ ಖಾತೆಗಲ್ಲ. ಅಕ್ಕನ 23,000 ಬರಬೇಕಾದರೆ ವೇತನ ಸಂಹಿತೆಯ 45ನೇ ಕಲಮಿನಡಿ ನೇಮಕವಾದ ಪ್ರಾಧಿಕಾರಿಯ ಮುಂದೆ ಕ್ಲೇಮ್ ಅರ್ಜಿ ದಾಖಲಾಗಬೇಕು. ಅವರು ಗೆಜೆಟೆಡ್ ದರ್ಜೆಯ ಅಧಿಕಾರಿ. ನಿಮ್ಮ ಭಾಗಕ್ಕೆ ಆ ಅಧಿಕಾರ ಯಾರಿಗಿದೆ ಎಂದು ಜಿಲ್ಲೆಯ ಕಾರ್ಮಿಕ ಅಧಿಕಾರಿ ಕಚೇರಿಯಲ್ಲಿ, ಬೆಂಗಳೂರಿನವರಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೇಳಬಹುದು. ಕೇಳುವಾಗ “ದೂರು ಕೊಡಬೇಕು ಸಾರ್” ಎನ್ನಬೇಡಿ, “ವೇತನ ಬಾಕಿಗೆ ಕ್ಲೇಮ್ ಹಾಕಬೇಕು, ಯಾರ ಹತ್ತಿರ ಹಾಕಬೇಕು?” ಎಂದು ಕೇಳಿ. ದೂರನ್ನೂ ಕೊಡಬಹುದು, ತಪ್ಪಿಲ್ಲ. ಆದರೆ ದೂರಿನ ಉತ್ತರ ಕಾಯುತ್ತಾ ಕೂತರೆ ಕ್ಲೇಮಿನ ಕಾಲಮಿತಿ ನಿಲ್ಲುವುದಿಲ್ಲ.

ಆ ಕಾಲಮಿತಿ ಈಗ ಮೂರು ವರ್ಷ. ಹಳೆಯ ವೇತನ ಪಾವತಿ ಕಾಯ್ದೆಯಲ್ಲಿ ಹನ್ನೆರಡೇ ತಿಂಗಳಿತ್ತು. 2025ರ ನವೆಂಬರ್ 21ಕ್ಕೂ ಹಿಂದಿನ ಬಾಕಿ ಇರುವವರು ‘ಮೂರು ವರ್ಷ ಇದೆಯಲ್ಲ’ ಎಂದು ನೆಚ್ಚಿಕೊಂಡು ಕೂರುವುದು ಸರಿಯಲ್ಲ. ಆ ಬಾಕಿಗೆ ಹಳೆಯ ಕಾಯ್ದೆಯೇ ಅನ್ವಯ ಎಂಬ ವಾದ ಎದುರಾಗುತ್ತದೆ, ಆದ್ದರಿಂದ ಹನ್ನೆರಡು ತಿಂಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಓಡಬೇಕು. ತಡವಾದರೆ ಕಾರಣ ಹೇಳಿ ಮನ್ನಾ ಕೇಳಲು ಅವಕಾಶವಿದೆ, ಕೊಡುವುದು ಬಿಡುವುದು ಪ್ರಾಧಿಕಾರಿಗೆ ಬಿಟ್ಟದ್ದು.

ಅರ್ಜಿಗೆ ಮುಂಚೆ ಕಂಪನಿಗೊಂದು ಪತ್ರ ಬರೆಯುವುದು ಒಳ್ಳೆಯದು. ವಕೀಲರ ಭಾಷೆ ಬೇಡ. ಅಕ್ಕನ ಪತ್ರ ಇಷ್ಟೇ ಇದ್ದರೂ ಸಾಕು:

“ನಾನು ನಿಮ್ಮ ಕಾರ್ಖಾನೆಯಲ್ಲಿ ಟೈಲರ್ ಆಗಿದ್ದು ಮಾರ್ಚ್ 14ರಂದು ಕೆಲಸ ಬಿಟ್ಟಿದ್ದೇನೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ 100 ಗಂಟೆ ಓಟಿ ಮಾಡಿದ್ದೇನೆ. ಅದರಲ್ಲಿ ಬಾಕಿ 10,000, ಮಾರ್ಚಿನ ವೇತನ 6,000, ರಜೆ ವೇತನ 7,000, ಒಟ್ಟು 23,000 ರೂಪಾಯಿ ನನಗೆ ಬರಬೇಕು. ದಿನಾಂಕವಾರು ಪಟ್ಟಿ ಲಗತ್ತಿಸಿದ್ದೇನೆ. ನನ್ನ ಹಾಜರಾತಿ ಮತ್ತು ಓಟಿ ದಾಖಲೆಯ ಪ್ರತಿ ಕೊಡಿ. ನೋಟಿಸ್ ಕಡಿತವನ್ನು ನಾನು ಒಪ್ಪಿಲ್ಲ.”

ಇದನ್ನು ಸ್ವೀಕೃತಿ ಬರುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಬೇಕು. ರಿಜಿಸ್ಟರ್ ಪೋಸ್ಟು 2025ರ ಸೆಪ್ಟೆಂಬರಿನಿಂದ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ಉತ್ತರ ಬಾರದಿದ್ದರೂ ಈ ಪತ್ರಕ್ಕೆ ಬೆಲೆಯಿದೆ. ಕೇಸಿನಲ್ಲಿ ಕಂಪನಿ “ಈಕೆ ಯಾವತ್ತೂ ಓಟಿ ಕೇಳಲೇ ಇಲ್ಲ” ಎನ್ನಲು ಆಗುವುದಿಲ್ಲ.

ಪತ್ರದಲ್ಲಿ ‘ದಿನಾಂಕವಾರು ಪಟ್ಟಿ’ ಎಂಬ ಮಾತು ಬಂತಲ್ಲ, ಇಡೀ ಕೇಸಿನ ಜೀವ ಇರುವುದು ಅದರಲ್ಲಿ. ಒಂದು ನೋಟ್ ಪುಸ್ತಕದ ಹಾಳೆಯಲ್ಲಿ ಐದು ಗೆರೆ ಎಳೆದು ತಾರೀಖು, ಪಂಚ್ ಮಾಡಿದ ಹೊತ್ತು, ನಿಜವಾಗಿ ಎದ್ದ ಹೊತ್ತು, ಹೆಚ್ಚುವರಿ ಗಂಟೆ, ಯಾವ ಲೈನಿನಲ್ಲಿ ಯಾರು ಹೇಳಿದ್ದು ಎಂದು ಬರೆಯಬೇಕು. ಡಿಸೆಂಬರಿನ 22 ಸಾಲು, ಜನವರಿಯ 20, ಫೆಬ್ರವರಿಯ 18, ಒಟ್ಟು 60 ಸಾಲು. ‘ದಿನಾ ಎರಡು ಗಂಟೆ ಓಟಿ ಮಾಡಿದೆ’ ಎಂಬ ಒಂದೇ ವಾಕ್ಯವನ್ನು ಕಂಪನಿಯ ವಕೀಲರು ಒಂದು ಪ್ರಶ್ನೆಯಲ್ಲಿ ಮುರಿಯುತ್ತಾರೆ: “ಸಂಕ್ರಾಂತಿ ದಿನವೂ ಮಾಡಿದಿರಾ?” ಅರವತ್ತು ಸಾಲಿನ ಪಟ್ಟಿಯನ್ನು ಮುರಿಯಬೇಕಾದರೆ ಅವರು ಅರವತ್ತು ಸಲ ಪ್ರಯತ್ನಿಸಬೇಕು. ಅದಕ್ಕಿಂತ ಮುಖ್ಯವಾಗಿ, ಅವರು ತಮ್ಮದೇ ದಾಖಲೆ ತಂದು ತೋರಿಸಬೇಕು.

ಕೆಲಸ ಬಿಟ್ಟ ಮೇಲೆ ನೆನಪಿನಿಂದ ಈ ಪಟ್ಟಿ ಕಟ್ಟುವುದು ಹೇಗೆ? ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ‘7’ ಎಂದು ಪೆನ್ಸಿಲಿನಲ್ಲಿ ಬರೆದದ್ದು ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಡ, ಏಕೆಂದರೆ ಜಗಳ ಹುಟ್ಟುವ ಮುಂಚೆ ಬರೆದದ್ದು ಅದು. ಇಲ್ಲದಿದ್ದರೆ ಫೋನು ತೆಗೆಯಿರಿ. “ಇನ್ನೂ ಬಿಟ್ಟಿಲ್ಲ, ಅನ್ನ ಇಟ್ಟುಬಿಡು” ಎಂದು ಮಗಳಿಗೆ 6.10ಕ್ಕೆ ಕಳಿಸಿದ ಮೆಸೇಜು, ಲೈನ್ ಗ್ರೂಪಿನಲ್ಲಿ ಸೂಪರ್‌ವೈಸರ್ ಹಾಕಿದ “ಇವತ್ತು ಏಳರವರೆಗೆ, ಯಾರೂ ಹೋಗಬೇಡಿ”, ಗೇಟಿನ ಹೊರಗೆ ಆಟೊದವನಿಗೆ ಫೋನ್‌ಪೇ ಮಾಡಿದ ಹೊತ್ತು, ತಡವಾಗಿ ಬಂದ ವ್ಯಾನಿನ ಬಾಡಿಗೆ ಲೆಕ್ಕ. ಒಂದೊಂದೂ ಸಣ್ಣದು. ಆದರೆ ಒಂದೇ ತಾರೀಖಿಗೆ ಎರಡು ಮೂರು ಕೂಡಿಬಂದರೆ 5.32ರ ಪಂಚಿಂಗ್ ಸುಳ್ಳೆಂದು ಕಾಣತೊಡಗುತ್ತದೆ. ಇಂಥ ಮೆಸೇಜುಗಳನ್ನು ಅಳಿಸಬಾರದು, ಫೋನು ಬದಲಾಯಿಸುವ ಮುಂಚೆ ಉಳಿಸಿಕೊಳ್ಳಬೇಕು. ಕಂಪನಿಯ ಕಂಪ್ಯೂಟರಿನಿಂದ ಗುಟ್ಟಾಗಿ ಕಾಗದ ತೆಗೆಯುವ ಸಾಹಸಕ್ಕೆ ಹೋಗಬೇಡಿ. ಅದು ನಿಮ್ಮ ಮೇಲೇ ತಿರುಗುತ್ತದೆ.

ಕಾರ್ಖಾನೆಯೊಳಗೂ ಸತ್ಯ ಒಂದೇ ಕಡೆ ಇರುವುದಿಲ್ಲ. ಲೈನಿನ ಪ್ರತಿ ಗಂಟೆಯ ಪೀಸಿನ ಲೆಕ್ಕ ಪ್ರೊಡಕ್ಷನ್ ಶೀಟಿನಲ್ಲಿರುತ್ತದೆ. ಪಂಚಿಂಗ್ 5.30ಕ್ಕೆ ನಿಂತ ದಿನವೂ 6.30ರ ಕಾಲಮ್ಮಿನಲ್ಲಿ ಪೀಸು ಬಿದ್ದಿದ್ದರೆ, ಆ ಕಾಲರುಗಳನ್ನು ಹೊಲಿದವರು ಯಾರು? ಪ್ರಾಧಿಕಾರಿಗೆ ಸಿವಿಲ್ ಕೋರ್ಟಿನಂತೆ ಸಾಕ್ಷಿಗಳನ್ನು ಕರೆಸುವ, ದಾಖಲೆ ಹಾಜರುಪಡಿಸಿ ಎಂದು ಆದೇಶಿಸುವ ಅಧಿಕಾರವಿದೆ. ಅರ್ಜಿಯ ಜೊತೆಗೇ ಹಾಜರಾತಿ, ಓಟಿ ರಿಜಿಸ್ಟರು, ಗೇಟ್ ಪುಸ್ತಕ, ಪ್ರೊಡಕ್ಷನ್ ಶೀಟು ಈ ನಾಲ್ಕನ್ನು ಹೆಸರು ಹೇಳಿ, ಯಾವ ಯಾವ ತಾರೀಖಿನದು ಎಂದು ಬರೆದು ಕೇಳಬೇಕು. ‘ಎಲ್ಲ ದಾಖಲೆ ತರಿಸಿ’ ಎಂದರೆ ಏನೂ ಬರುವುದಿಲ್ಲ.

ಹಾಜರಾತಿ ಯಂತ್ರ ಹೇಳಿದ್ದೇ ವೇದವಾಕ್ಯವಲ್ಲ ಎಂಬುದಕ್ಕೆ ನಮ್ಮಲ್ಲೇ ಒಂದು ದೊಡ್ಡ ನಿದರ್ಶನವಿದೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಸಿಟ್ಟಿನಿಂದ ದಾಂಧಲೆ ಎಬ್ಬಿಸಿದರು. ಆಮೇಲೆ ರಾಜ್ಯದ ಕಾರ್ಖಾನೆಗಳ ಇಲಾಖೆ ನಡೆಸಿದ ಪರಿಶೀಲನೆಯಲ್ಲಿ ಹಾಜರಾತಿ ದಾಖಲಿಸುವ ವ್ಯವಸ್ಥೆಯ ದೋಷ, ವೇತನ ಮತ್ತು ಓಟಿ ಪಾವತಿಯ ಲೋಪ ಎರಡೂ ಕಂಡುಬಂದವು. ಒಡೆದ ಗಾಜನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಗಂಟೆಯ ಲೆಕ್ಕ ತಪ್ಪಿದಾಗ ತೋರಿಸಿ ಕೇಳಲು ದಾರಿ ಇದೆ ಎಂದು ಆ ಹುಡುಗರಿಗೆ ಯಾರಾದರೂ ಹೇಳಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ.

ಇಲ್ಲಿ ಹೊಸ ಕಾನೂನಿನ ಒಂದು ಮಾತು ಅಕ್ಕನ ಪರ ನಿಲ್ಲುತ್ತದೆ. ವೇತನ ಕೊಟ್ಟಿಲ್ಲ, ಕಡಿಮೆ ಕೊಟ್ಟಿದ್ದಾರೆ ಎಂದು ಕ್ಲೇಮ್ ಬಂದಾಗ, ಕೊಟ್ಟಿದ್ದೇವೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕರದು. 59ನೇ ಕಲಂ. ಮಾರ್ಚಿನ 6,000ಕ್ಕೂ ರಜೆಯ 7,000ಕ್ಕೂ ಇದು ಬಲವಾದ ಆಸರೆ. ಅಕ್ಕ ಕೆಲಸ ಮಾಡಿದ್ದನ್ನು ಕಂಪನಿಯ ಹಾಳೆಯೇ ಒಪ್ಪುತ್ತದೆ, ಕೊಟ್ಟ ಪುರಾವೆ ಇಲ್ಲ, ಅಲ್ಲಿಗೆ ಮುಗಿಯಿತು. ಓಟಿಯಲ್ಲಿ ಮಾತ್ರ ಇದು ಅರ್ಧ ದಾರಿಯವರೆಗಷ್ಟೇ ಬರುತ್ತದೆ. ಆ 100 ಗಂಟೆ ಕೆಲಸ ನಡೆದೇ ಇಲ್ಲ ಎಂದು ಕಂಪನಿ ಹೇಳಿದಾಗ, ನಡೆದಿದೆ ಎಂದು ಮೊದಲು ನಂಬಿಸಬೇಕಾದವರು ಅಕ್ಕ. ಆ ಅರವತ್ತು ಸಾಲಿನ ಪಟ್ಟಿಗೆ ನಾನು ಇಷ್ಟು ಒತ್ತು ಕೊಟ್ಟದ್ದು ಇದಕ್ಕೇ. ಜೊತೆಗೆ ಅದೇ ಲೈನಿನ ಒಬ್ಬರಾದರೂ ಬಂದು ಹೌದು ಎನ್ನಬೇಕು. ಇನ್ನೂ ಕೆಲಸದಲ್ಲಿರುವವರು ಬರಲು ಹೆದರುತ್ತಾರೆ, ಅವರನ್ನು ದೂರುವಂತಿಲ್ಲ. ಈಗಾಗಲೇ ಕೆಲಸ ಬಿಟ್ಟವರನ್ನು ಹುಡುಕುವುದು ಸುಲಭ. ಅವರಿಗೂ ಬಾಕಿ ಇದ್ದೇ ಇರುತ್ತದೆ. ಒಂದೇ ಕಾರ್ಖಾನೆಯ ಎಷ್ಟು ಜನ ಬೇಕಾದರೂ ಸೇರಿ ಒಂದೇ ಅರ್ಜಿ ಹಾಕಬಹುದು, ನೋಂದಾಯಿತ ಕಾರ್ಮಿಕ ಸಂಘವೂ ಅವರ ಪರವಾಗಿ ಹಾಕಬಹುದು.

ವಿಚಾರಣೆ ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾನೂನು ಹೇಳುತ್ತದೆ. ಯತ್ನಿಸಬೇಕು ಎಂದಷ್ಟೇ. ಕಂಪನಿಯ ಪರ ವಕೀಲರು ವಾಯಿದೆ ಕೇಳುತ್ತಾರೆ, ಮುಂದಿನ ತಾರೀಖಿಗೆ ದಾಖಲೆ ತರುತ್ತೇವೆ ಎನ್ನುತ್ತಾರೆ. ಅಕ್ಕನಿಗೆ ಒಂದೊಂದು ವಾಯಿದೆಯೂ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು. ಈ ನಷ್ಟವನ್ನು ಮೊದಲೇ ಎಣಿಸಿಕೊಂಡು ಕೂರಬೇಕು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ ಕೇಳಬಹುದು.

ಎರಡನೆಯದೋ ಮೂರನೆಯದೋ ವಾಯಿದೆಯಲ್ಲಿ, ಕಚೇರಿಯ ಹೊರಗಿನ ಬೆಂಚಿನ ಹತ್ತಿರ, ಎಚ್‌ಆರ್‌ನವರು ಬಂದು “ಹನ್ನೆರಡು ಸಾವಿರ ಇವತ್ತೇ ಕೊಡ್ತೀವಿ, ಮುಗಿಸಿಬಿಡಿ ಅಮ್ಮ” ಎನ್ನುತ್ತಾರೆ. ಒಪ್ಪಬೇಕೋ ಬೇಡವೋ ಅಕ್ಕನೇ ಹೇಳಬೇಕು. ಮನೆಯಲ್ಲಿ ಔಷಧಿಗೆ ದುಡ್ಡು ಬೇಕಾದವರಿಗೆ ಹೊರಗಿನವರು ಧೈರ್ಯದ ಪಾಠ ಹೇಳಬಾರದು. ಆದರೆ ಎರಡು ಸಂಗತಿ ತಿಳಿದು ಒಪ್ಪಲಿ. ರಾಜಿ ಏನಿದ್ದರೂ ಬೆಂಚಿನ ಹತ್ತಿರ ಬೇಡ, ಪ್ರಾಧಿಕಾರಿಯ ಮುಂದೆ ಬರಹದಲ್ಲಿ ಆಗಲಿ, ದುಡ್ಡು ಬ್ಯಾಂಕ್ ಖಾತೆಗೆ ಬಂದ ಮೇಲೆ ಅರ್ಜಿ ಮುಗಿಯಲಿ. ಇನ್ನೊಂದು, ಸಿಗಬೇಕಾದ ಮೊತ್ತದ ಮೇಲೆ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಿಗಿದೆ. ಹತ್ತು ಪಟ್ಟು ಎಂಬುದು ಗರಿಷ್ಠ ಮಿತಿ, ಅಷ್ಟೇ ಬರುತ್ತದೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ. ಆದರೆ ಪಂಚ್ ಮಾಡಿಸಿ ಮತ್ತೆ ಕೂರಿಸಿದರು, ಲೆಕ್ಕ ಗೊತ್ತಿದ್ದೂ ಸೊನ್ನೆ ತೋರಿಸಿದರು ಎಂಬುದು ದಾಖಲೆಯಲ್ಲಿ ಸಾಬೀತಾದರೆ ಪರಿಹಾರವನ್ನು ಬಾಯಿಬಿಟ್ಟು ಕೇಳಬೇಕು, ಅರ್ಜಿಯಲ್ಲೇ ಬರೆಯಬೇಕು.

ಆದೇಶ ಬಂತು ಎಂದಿಟ್ಟುಕೊಳ್ಳಿ. ಕಂಪನಿಗೆ 90 ದಿನದೊಳಗೆ ಮೇಲ್ಮನವಿ ಹೋಗುವ ಹಕ್ಕಿದೆ. ಮೇಲ್ಮನವಿಯೂ ಇಲ್ಲ, ದುಡ್ಡೂ ಇಲ್ಲ ಎಂದಾದರೆ ಪ್ರಾಧಿಕಾರಿ ಜಿಲ್ಲಾಧಿಕಾರಿಗೆ ವಸೂಲಾತಿ ಪ್ರಮಾಣಪತ್ರ ಕಳಿಸುತ್ತಾರೆ, ಭೂಕಂದಾಯದ ಬಾಕಿಯಂತೆ ವಸೂಲು ಮಾಡಿ ಎಂದು. ಈ ಪತ್ರ ತಹಶೀಲ್ದಾರರ ಕಚೇರಿಯಲ್ಲಿ ಬೇರೆ ಕಡತಗಳ ಕೆಳಗೆ ಮಲಗುವುದುಂಟು. ಅಲ್ಲಿಗೆ ಹೋಗುವಾಗ ಅಕ್ಕ ಪ್ರಮಾಣಪತ್ರದ ಸಂಖ್ಯೆ, ತಾರೀಖು, ಜೊತೆಗೆ ಕಾರ್ಖಾನೆಯ ಬ್ಯಾಂಕ್ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಆ ಬ್ಯಾಂಕಿನ ಹೆಸರು ಎಲ್ಲೂ ಹುಡುಕಬೇಕಿಲ್ಲ. ಆರು ವರ್ಷ ಸಂಬಳ ಜಮೆಯಾದ ಪಾಸ್‌ಬುಕ್ಕನ್ನು ಬ್ಯಾಂಕಿನಲ್ಲಿ ತೋರಿಸಿ, ದುಡ್ಡು ಯಾವ ಬ್ಯಾಂಕಿನಿಂದ ಬರುತ್ತಿತ್ತು ಎಂದು ಕೇಳಿದರೆ ಸಾಕು.